ಮೂಲೆಯಲ್ಲಿ ಮುಗ್ಗರಿಸುವ ಅಂಕುಡೊಂಕು

ಮೊಬೈಲಿನಲ್ಲಿ ತೆಗೆದ ಫೋಟೊ ಜೆಪೆಗ್ ಫೈಲಾಗಿ ಕೂರುವ ಮೊದಲು ಪುಟ್ಟ ಪುಟ್ಟ ಚೌಕಗಳಾಗಿ ಒಡೆಯುತ್ತದೆ. ಒಂದೊಂದು ಚೌಕದಲ್ಲೂ ಎಂಟು ಅಡ್ಡಸಾಲು, ಎಂಟು ಕಂಬಸಾಲು, ಒಟ್ಟು 64 ಚುಕ್ಕಿ. 4000 ಚುಕ್ಕಿ ಅಗಲ, 3000 ಚುಕ್ಕಿ ಎತ್ತರದ ಚಿತ್ರವಾದರೆ ಅದರ ಬೆಳಕು-ನೆರಳಿನ ಲೆಕ್ಕಕ್ಕೇ ಇಂಥ 1,87,500 ಚೌಕಗಳಾಗುತ್ತವೆ. ಅಷ್ಟೂ ಚೌಕಗಳನ್ನು ಕಂಪ್ಯೂಟರ್ ಓದುವುದು ನಾವು ಪುಸ್ತಕ ಓದುವ ಹಾಗೆ ಎಡದಿಂದ ಬಲಕ್ಕಲ್ಲ. ಎಡ ಮೇಲಿನ ಮೂಲೆಯಿಂದ ಹೊರಟು, ಓರೆಯಾಗಿ ಇಳಿದು, ಓರೆಯಾಗಿ ಹತ್ತಿ, ಮತ್ತೆ ಇಳಿದು, ಹೀಗೆ ಅಂಕುಡೊಂಕಾಗಿ ನಡೆದು ಬಲ ಕೆಳಗಿನ ಮೂಲೆ ಮುಟ್ಟುತ್ತದೆ.

ಪ್ರೋಗ್ರಾಮಿಂಗ್ ಕಲಿಯುವವರಿಗೆ ಈ ನಡಿಗೆ ಪರಿಚಿತ. ಮ್ಯಾಟ್ರಿಕ್ಸನ್ನು ಕರ್ಣದ ಜಾಡಿನಲ್ಲಿ ಅಂಕುಡೊಂಕಾಗಿ ಓದಿಸಿ ಎಂಬುದು ಕೆಲಸದ ಸಂದರ್ಶನಗಳ ಹಳೆಯ ಪ್ರಶ್ನೆ. ಕಾಗದದ ಮೇಲೆ ಬೆರಳಿಟ್ಟು ತೋರಿಸುವುದು ಮಕ್ಕಳಿಗೂ ಸುಲಭ. ಅದನ್ನೇ ಕೋಡ್ ಮಾಡಿದಾಗ ಅಂಚಿನ ತಿರುವಿನಲ್ಲಿ ಒಂದು ತಪ್ಪು ನುಸುಳುತ್ತದೆ. ವಿಚಿತ್ರವೆಂದರೆ, ಆ ತಪ್ಪು ಕೆಲವು ಅಳತೆಯ ಮ್ಯಾಟ್ರಿಕ್ಸ್‌ಗಳಲ್ಲಿ ಕಾಣಿಸಿಕೊಳ್ಳುತ್ತದೆ, ಕೆಲವು ಅಳತೆಗಳಲ್ಲಿ ಇದ್ದ ಸುಳಿವೇ ಕೊಡುವುದಿಲ್ಲ. ಅದು ಯಾವಾಗ ಎಚ್ಚರಾಗುತ್ತದೆ, ಯಾವಾಗ ಮಲಗಿರುತ್ತದೆ ಎಂಬುದಕ್ಕೆ ಖಚಿತವಾದ ಲೆಕ್ಕವಿದೆ.

ಓರೆಯಾಗಿ ಓದುವುದೇಕೆ?

ಫೋಟೊದ 64 ಚುಕ್ಕಿಗಳನ್ನು ಜೆಪೆಗ್ ಇದ್ದ ಹಾಗೇ ಬರೆದಿಡುವುದಿಲ್ಲ. ಮೊದಲು ಅವನ್ನು ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬ ಗಣಿತಕ್ಕೆ ಒಡ್ಡುತ್ತದೆ. ಈ ಗಣಿತವನ್ನು ರೂಪಿಸಿದ ನಾಸಿರ್ ಅಹ್ಮದ್ ಹುಟ್ಟಿದ್ದು ಬೆಂಗಳೂರಿನಲ್ಲಿ, 1940ರಲ್ಲಿ. ಈಗ ಯುವಿಸಿಇ ಎಂದು ಕರೆಯುವ ಇಲ್ಲಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಅಮೆರಿಕಕ್ಕೆ ಹೋದವರು. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಜೊತೆಗೂಡಿ ಅವರು ಬರೆದ ಪ್ರಬಂಧ 1974ರ ಜನವರಿಯಲ್ಲಿ ಪ್ರಕಟವಾಯಿತು. 1992ರಲ್ಲಿ ಜೆಪೆಗ್ ಮಾನಕ ಸಿದ್ಧವಾದಾಗ ಅದರ ನಡುಗಂಬವಾಗಿ ನಿಂತದ್ದು ಇದೇ ಗಣಿತ.

ಚೌಕವನ್ನು ಈ ಗಣಿತಕ್ಕೆ ಒಡ್ಡಿದ ಮೇಲೂ ಸಿಗುವುದು 64 ಅಂಕಿಗಳೇ, ಆದರೆ ಅವುಗಳ ಅರ್ಥ ಬೇರೆ. ಎಡ ಮೇಲಿನ ಮೂಲೆಯ ಅಂಕಿ ಇಡೀ ಚೌಕದ ಸರಾಸರಿ ಹೊಳಪನ್ನು ಹೇಳುತ್ತದೆ. ಅದರಿಂದ ಬಲಕ್ಕೂ ಕೆಳಕ್ಕೂ ಸರಿದಂತೆ ಅಂಕಿಗಳು ಹೆಚ್ಚು ಹೆಚ್ಚು ಸೂಕ್ಷ್ಮವಾದ ಏರಿಳಿತಗಳನ್ನು ಹೇಳುತ್ತವೆ. ನಮ್ಮ ಕಣ್ಣು ಅಷ್ಟು ಸೂಕ್ಷ್ಮವನ್ನು ಗುರುತಿಸುವುದಿಲ್ಲವಾದ್ದರಿಂದ ಜೆಪೆಗ್ ಆ ಅಂಕಿಗಳನ್ನು ಒರಟಾಗಿ ಭಾಗಿಸಿ ಪೂರ್ಣಾಂಕ ಮಾಡುತ್ತದೆ, ಬಹುಪಾಲು ಸೊನ್ನೆಯಾಗುತ್ತವೆ. ಸೊನ್ನೆಗಳೆಲ್ಲ ಬಲ ಕೆಳಭಾಗದಲ್ಲಿ ಗುಂಪಾಗುತ್ತವೆ, ಬೆಲೆಯುಳ್ಳ ಅಂಕಿಗಳು ಎಡ ಮೇಲಿನ ಮೂಲೆಯ ಸುತ್ತ ಉಳಿಯುತ್ತವೆ.

ಒಂದು ಚೌಕದಲ್ಲಿ ಸೊನ್ನೆಯಲ್ಲದ ಅಂಕಿಗಳು ನಾಲ್ಕೇ ಇವೆ ಎನ್ನಿ. ಮೊದಲ ಸಾಲಿನ ಮೊದಲೆರಡು ಮನೆಗಳಲ್ಲಿ ಎರಡು, ಎರಡನೇ ಸಾಲಿನ ಮೊದಲ ಮನೆಯಲ್ಲಿ ಒಂದು, ಮೂರನೇ ಸಾಲಿನ ಮೊದಲ ಮನೆಯಲ್ಲಿ ಒಂದು. ಸಾಲು ಸಾಲಾಗಿ ಓದಿದರೆ ಎರಡು ಅಂಕಿ, ಆಮೇಲೆ ಆರು ಸೊನ್ನೆ, ಮತ್ತೊಂದು ಅಂಕಿ, ಏಳು ಸೊನ್ನೆ, ಕೊನೆಯ ಅಂಕಿ, ಆಮೇಲೆ ಉಳಿದ ಸೊನ್ನೆಗಳು. ಅಂಕುಡೊಂಕಾಗಿ ಓದಿದರೆ ನಾಲ್ಕು ಅಂಕಿಗಳೂ ಬೆನ್ನುಬೆನ್ನಿಗೆ ಬಂದುಬಿಡುತ್ತವೆ, ಮಿಕ್ಕ 60 ಮನೆಗಳೂ ಸೊನ್ನೆ. ಆ 60 ಸೊನ್ನೆಗಳನ್ನು ಜೆಪೆಗ್ ಬರೆಯುವುದೇ ಇಲ್ಲ. 'ಚೌಕ ಮುಗಿಯಿತು' ಎಂಬ ಒಂದೇ ಗುರುತು ಹಾಕಿ ಮುಂದಿನ ಚೌಕಕ್ಕೆ ಹೋಗುತ್ತದೆ. ಓರೆ ನಡಿಗೆಯ ಲಾಭ ಇಷ್ಟೇ: ಬೆಲೆಯುಳ್ಳದ್ದನ್ನು ಮೊದಲು ಹೇಳಿ, ಸೊನ್ನೆಗಳನ್ನು ಬಾಲಕ್ಕೆ ತಳ್ಳುವುದು.

ನಡಿಗೆಯ ನಿಯಮ

ಎಂಟರ ಚೌಕ ದೊಡ್ಡದಾಯಿತು, ಮೂರು ಸಾಲು ಮೂರು ಕಾಲಂನ ಮ್ಯಾಟ್ರಿಕ್ಸ್ ತೆಗೆದುಕೊಳ್ಳೋಣ. ಮೊದಲ ಸಾಲಿನಲ್ಲಿ 1, 2, 3. ಎರಡನೆಯದರಲ್ಲಿ 4, 5, 6. ಮೂರನೆಯದರಲ್ಲಿ 7, 8, 9. ಪ್ರೋಗ್ರಾಮರ್‌ಗಳ ರೂಢಿಯಂತೆ ಸಾಲು ಮತ್ತು ಕಾಲಂಗಳನ್ನು ಸೊನ್ನೆಯಿಂದ ಎಣಿಸೋಣ. ಹಾಗಾದರೆ 1 ಇರುವ ಮನೆ (0,0), 3 ಇರುವುದು (0,2), 7 ಇರುವುದು (2,0).

ನಡಿಗೆಗೆ ಎರಡೇ ದಿಕ್ಕು. 'ಮೇಲೆ' ಎಂದರೆ ಒಂದು ಸಾಲು ಮೇಲಕ್ಕೆ, ಒಂದು ಕಾಲಂ ಬಲಕ್ಕೆ. 'ಕೆಳಗೆ' ಎಂದರೆ ಒಂದು ಸಾಲು ಕೆಳಕ್ಕೆ, ಒಂದು ಕಾಲಂ ಎಡಕ್ಕೆ. ಹೊರಡುವಾಗ ದಿಕ್ಕು 'ಮೇಲೆ'. ಅಂಚು ತಗುಲಿದರೆ ಓರೆ ನಡಿಗೆ ನಿಲ್ಲಿಸಿ, ಅಂಚಿನ ಗುಂಟವೇ ಒಂದು ಮನೆ ಸರಿದು, ದಿಕ್ಕು ಬದಲಿಸಬೇಕು. ನೇಗಿಲು ಹೂಡಿದವನು ಬದು ಮುಟ್ಟಿದಾಗ ಒಂದು ಸಾಲಿನಷ್ಟು ಸರಿದು ಎತ್ತುಗಳನ್ನು ತಿರುಗಿಸುತ್ತಾನಲ್ಲ, ಥೇಟ್ ಹಾಗೆ.

ನಡೆದು ನೋಡೋಣ. 1ರಲ್ಲಿ ನಿಂತಿದ್ದೇವೆ, ದಿಕ್ಕು ಮೇಲೆ, ಆದರೆ ಮೇಲೆ ಅಂಚಿದೆ. ಬಲಕ್ಕೆ ಸರಿದು 2ಕ್ಕೆ ಬಂದೆವು, ದಿಕ್ಕು ಕೆಳಗೆ ಆಯಿತು. ಓರೆಯಾಗಿ ಇಳಿದರೆ 4. ಅಲ್ಲಿ ಎಡ ಅಂಚು ಅಡ್ಡ ಬಂತು, ಕೆಳಕ್ಕೆ ಸರಿದು 7ಕ್ಕೆ ಬಂದೆವು, ದಿಕ್ಕು ಮೇಲೆ. ಓರೆಯಾಗಿ ಹತ್ತಿದರೆ 5, ಆಮೇಲೆ 3. ಇಲ್ಲಿ ಮತ್ತೆ ಅಂಚು. ಕೆಳಕ್ಕೆ ಸರಿದು 6, ಓರೆಯಾಗಿ ಇಳಿದು 8, ಕೆಳ ಅಂಚಿನಲ್ಲಿ ಬಲಕ್ಕೆ ಸರಿದು 9. ಓದಿದ ಕ್ರಮ: 1, 2, 4, 7, 5, 3, 6, 8, 9.

ಒಂದು ಸಂಗತಿಯನ್ನು ಗಮನಿಸಬೇಕು. 1ರ ಬಳಿ ಮೇಲಿನ ಅಂಚು ತಗುಲಿದಾಗ ನಾವು ಬಲಕ್ಕೆ ಸರಿದೆವು. 3ರ ಬಳಿಯೂ ಮೇಲಿನ ಅಂಚು ತಗುಲಿತು, ಆದರೆ ಅಲ್ಲಿ ಕೆಳಕ್ಕೆ ಸರಿದೆವು. ಏಕೆಂದರೆ 3 ಇರುವುದು ಮೂಲೆಯಲ್ಲಿ. ಅಲ್ಲಿ ಮೇಲಿನ ಅಂಚೂ ಇದೆ, ಬಲ ಅಂಚೂ ಇದೆ. ಕಣ್ಣಿದ್ದವರಿಗೆ ಇದು ಯೋಚಿಸಬೇಕಾದ ವಿಷಯವೇ ಅಲ್ಲ, ಬೆರಳು ತಾನಾಗಿ ಕೆಳಕ್ಕಿಳಿಯುತ್ತದೆ. ಪ್ರೋಗ್ರಾಂ ಮಾತ್ರ ಒಂದಾದ ಮೇಲೊಂದು ಪ್ರಶ್ನೆ ಕೇಳಿಕೊಂಡೇ ಹೆಜ್ಜೆ ಇಡಬೇಕು. ಯಾವ ಪ್ರಶ್ನೆ ಮೊದಲು ಎಂಬಲ್ಲಿಯೇ ಎಡವಟ್ಟಾಗುವುದು.

ಮೊದಲು ಯಾವ ಗೋಡೆ?

ಮೇಲೆ ಹೋಗುವಾಗಿನ ತಿರುವನ್ನು ಬಹಳ ಜನ ಮೊದಲ ಸಲ ಹೀಗೆ ಬರೆಯುತ್ತಾರೆ. ಇಲ್ಲಿ r ಎಂದರೆ ಸಾಲು, c ಎಂದರೆ ಕಾಲಂ, n ಎಂದರೆ ಒಟ್ಟು ಕಾಲಂಗಳು.

```
if up:
    if r == 0:
        c += 1
        up = False
    elif c == n - 1:
        r += 1
        up = False
    else:
        r -= 1
        c += 1
```

ಓದಲು ಸಹಜವಾಗಿದೆ. ಮೇಲೆ ಹೋಗುತ್ತಿದ್ದೇವೆ, ಆದ್ದರಿಂದ ಮೊದಲು ಮೇಲಿನ ಅಂಚು ಬಂತೇ ಎಂದು ಕೇಳುತ್ತೇವೆ. ಬಂದಿದ್ದರೆ ಬಲಕ್ಕೆ. ಇಲ್ಲವಾದರೆ ಬಲ ಅಂಚು ಬಂತೇ? ಬಂದಿದ್ದರೆ ಕೆಳಕ್ಕೆ. ಎರಡೂ ಅಲ್ಲವಾದರೆ ಓರೆ ಹೆಜ್ಜೆ. ಇದರಲ್ಲಿರುವ ಒಂದೊಂದು ಸಾಲೂ ಬಿಡಿಯಾಗಿ ಸರಿ. ಮೇಲಿನ ಅಂಚಿನ ನಡುವೆ ಎಲ್ಲಿ ನಿಂತರೂ ಸರಿ, ಬಲ ಅಂಚಿನ ನಡುವೆ ಎಲ್ಲಿ ನಿಂತರೂ ಸರಿ. ಎರಡು ಅಂಚೂ ಕೂಡುವ ಒಂದೇ ಒಂದು ಮನೆಯಲ್ಲಿ ಮಾತ್ರ ತಪ್ಪು. (0,2)ರಲ್ಲಿ ನಿಂತು 'ಮೇಲಿನ ಅಂಚು ಬಂತೇ' ಎಂದರೆ ಉತ್ತರ ಹೌದು. ಕೂಡಲೇ ಬಲಕ್ಕೆ ಸರಿದುಬಿಡುತ್ತದೆ, ಅಂದರೆ (0,3)ಕ್ಕೆ. ಅಂಥ ಮನೆಯೇ ಇಲ್ಲ.

ಪ್ರಶ್ನೆಗಳನ್ನು ಅದಲುಬದಲು ಮಾಡಿದರೆ ತಪ್ಪು ಹೋಗುತ್ತದೆ. ಅದು ಏಕೆ ಹೋಗುತ್ತದೆ ಎಂಬುದು ತಿಳಿದಿದ್ದರೆ ಕ್ರಮವನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಮೇಲಿನ ಅಂಚಿನ ನಿಯಮ 'ಬಲಕ್ಕೆ ಸರಿ' ಎನ್ನುತ್ತದೆ. ಅದು ಬಲಕ್ಕೆ ಒಂದು ಮನೆ ಇದೆ ಎಂದು ನಂಬಿಕೊಂಡಿದೆ. ಬಲ ಅಂಚಿನ ನಿಯಮ 'ಕೆಳಕ್ಕೆ ಸರಿ' ಎನ್ನುತ್ತದೆ. ಅದು ಕೆಳಗೆ ಒಂದು ಮನೆ ಇದೆ ಎಂದು ನಂಬಿಕೊಂಡಿದೆ. ಬಲ ಮೇಲಿನ ಮೂಲೆಯಲ್ಲಿ ಮೊದಲ ನಂಬಿಕೆ ಸುಳ್ಳು, ಎರಡನೆಯದು ನಿಜ. ಆದ್ದರಿಂದ ಅಲ್ಲಿ ಬಲ ಅಂಚಿನ ಮಾತೇ ನಡೆಯಬೇಕು, ಅದನ್ನೇ ಮೊದಲು ಕೇಳಬೇಕು.

ಕೆಳಗೆ ಇಳಿಯುವಾಗಲೂ ಇದೇ ಕಥೆ, ಮೂಲೆ ಮಾತ್ರ ಬೇರೆ. ಎಡ ಕೆಳಗಿನ ಮೂಲೆಯಲ್ಲಿ ಎಡ ಅಂಚಿನ ನಿಯಮ 'ಕೆಳಕ್ಕೆ ಸರಿ' ಎನ್ನುತ್ತದೆ, ಆದರೆ ಕೆಳಗೆ ಮನೆಯಿಲ್ಲ. ಕೆಳ ಅಂಚಿನ ನಿಯಮ 'ಬಲಕ್ಕೆ ಸರಿ' ಎನ್ನುತ್ತದೆ, ಬಲಕ್ಕೆ ಮನೆಯಿದೆ. ಹಾಗಾಗಿ ಅಲ್ಲಿ ಮೊದಲು ಕೆಳ ಅಂಚನ್ನು ಕೇಳಬೇಕು. m ಎಂದರೆ ಒಟ್ಟು ಸಾಲುಗಳು ಎಂದುಕೊಂಡರೆ, ಸರಿಯಾದ ತಿರುವು ಹೀಗಿರುತ್ತದೆ:

```
if up:
    if c == n - 1:
        r += 1; up = False
    elif r == 0:
        c += 1; up = False
    else:
        r -= 1; c += 1
else:
    if r == m - 1:
        c += 1; up = True
    elif c == 0:
        r += 1; up = True
    else:
        r += 1; c -= 1
```

ನಾಲ್ಕನೆಯ ಮೂಲೆಯಾದ ಬಲ ಕೆಳಭಾಗದಲ್ಲಿ ಯಾವ ನಿಯಮ ಹಿಡಿದರೂ ಹೆಜ್ಜೆ ಹೊರಗೇ ಬೀಳುತ್ತದೆ. ಅದು ಕೊನೆಯ ಮನೆಯಾದ್ದರಿಂದ, ಅಷ್ಟರಲ್ಲಿ ಎಲ್ಲ ಮನೆಗಳನ್ನೂ ಓದಿ ಲೂಪ್ ಮುಗಿದಿರುತ್ತದೆ. ಆ ತಪ್ಪು ಹೆಜ್ಜೆಯಿಂದ ಯಾರಿಗೂ ತೊಂದರೆಯಿಲ್ಲ.

ತಪ್ಪಿದರೂ ಗಲಾಟೆ ಮಾಡದ ಪ್ರೋಗ್ರಾಂ

ಇಲ್ಲದ ಮನೆಗೆ ಕಾಲಿಟ್ಟರೆ ಏನಾಗುತ್ತದೆ ಎಂಬುದು ಮ್ಯಾಟ್ರಿಕ್ಸನ್ನು ಹೇಗೆ ಇಟ್ಟಿದ್ದೇವೆ ಎಂಬುದರ ಮೇಲೆ ನಿಂತಿದೆ. ಪೈಥಾನಿನಲ್ಲಿ ಸಾಲುಗಳ ಪಟ್ಟಿಯಾಗಿ ಇಟ್ಟಿದ್ದರೆ ಮೂಲೆ ದಾಟಿದ ಕೂಡಲೇ `IndexError` ಬಂದು ಪ್ರೋಗ್ರಾಂ ನಿಲ್ಲುತ್ತದೆ. ಅದು ಅದೃಷ್ಟ ಎನ್ನಬೇಕು, ತಪ್ಪು ಆದ ಜಾಗದಲ್ಲೇ ಸಿಕ್ಕಿಬೀಳುತ್ತದೆ.

ಚಿತ್ರಗಳ ಕೆಲಸದಲ್ಲಿ ಮ್ಯಾಟ್ರಿಕ್ಸನ್ನು ಹಾಗೆ ಇಡುವುದು ಕಡಿಮೆ. ಎಲ್ಲ ಸಾಲುಗಳನ್ನೂ ಒಂದರ ಬಾಲಕ್ಕೆ ಒಂದು ಜೋಡಿಸಿ ಒಂದೇ ಉದ್ದನೆಯ ಪಟ್ಟಿ ಮಾಡಿರುತ್ತಾರೆ. ಬೇಕಾದ ಮನೆಯನ್ನು `r*n + c` ಎಂಬ ಲೆಕ್ಕದಿಂದ ಹುಡುಕುತ್ತಾರೆ. ನಮ್ಮ ಮೂರರ ಮ್ಯಾಟ್ರಿಕ್ಸ್ ಹಾಗಿದ್ದರೆ ಪಟ್ಟಿಯಲ್ಲಿ 1ರಿಂದ 9ರವರೆಗೆ ಅಂಕಿಗಳು ಸಾಲಾಗಿ ಇರುತ್ತವೆ. ಈಗ ತಪ್ಪು ಕ್ರಮದ ಕೋಡ್ (0,3)ಕ್ಕೆ ಹೋದರೆ ಲೆಕ್ಕ 0×3+3, ಅಂದರೆ 3. ಸೊನ್ನೆಯಿಂದ ಎಣಿಸಿದರೆ ಪಟ್ಟಿಯ ಆ ಜಾಗದಲ್ಲಿ 4 ಇದೆ. ಪ್ರೋಗ್ರಾಂ ಯಾವ ತಕರಾರೂ ಎತ್ತದೆ 4 ಎಂದು ಓದುತ್ತದೆ. ಅಲ್ಲಿಂದ ದಿಕ್ಕು ಕೆಳಗೆ, ಓರೆ ಹೆಜ್ಜೆಯಿಟ್ಟರೆ (1,2), ಅಂದರೆ 6. ಆಮೇಲೆ 8. ಅಷ್ಟರಲ್ಲಿ ಒಂಬತ್ತು ಅಂಕಿ ಓದಿಯಾಯಿತು, ಲೂಪ್ ಮುಗಿಯಿತು. ಬಂದ ಕ್ರಮ: 1, 2, 4, 7, 5, 3, 4, 6, 8.

ಸರಿಯಾದ ಉತ್ತರದ ಪಕ್ಕ ಇಟ್ಟು ನೋಡಿ. ಮೊದಲ ಆರು ಅಂಕಿ ಸರಿಯಾಗಿವೆ. ಏಳನೆಯದಾಗಿ 4 ಎರಡನೇ ಸಲ ಬಂದಿದೆ. ಅಲ್ಲಿಂದ ಮುಂದೆ ಜಾಡು ಸರಿಯಾಗಿಯೇ ಇದೆ, ಆದರೆ ಒಂದು ಹೆಜ್ಜೆ ಹಿಂದೆ ಬಿದ್ದಿದೆ. ಕೊನೆಗೆ ಬರಬೇಕಾದ 9 ಬಂದೇ ಇಲ್ಲ. ಈ ತಪ್ಪಿನ ಗುರುತೇ ಇದು: ನಡುವೆ ಒಂದು ಬೇಡದ ಅಂಕಿ ನುಸುಳುತ್ತದೆ, ಬಾಲದಲ್ಲಿ ಒಂದು ಬೇಕಾದ ಅಂಕಿ ಬಿದ್ದುಹೋಗುತ್ತದೆ. ಒಟ್ಟು ಎಣಿಕೆ ಮಾತ್ರ ಸರಿಯಾಗಿಯೇ ಇರುತ್ತದೆ, ಆದ್ದರಿಂದ ಎಣಿಕೆ ನೋಡಿ ಸಮಾಧಾನಪಟ್ಟುಕೊಳ್ಳುವಂತಿಲ್ಲ.

ಪೈಥಾನಿನಲ್ಲೂ ಸದ್ದಿಲ್ಲದೆ ತಪ್ಪುವ ದಾರಿಯೊಂದಿದೆ. ಅಲ್ಲಿ ಇಂಡೆಕ್ಸ್ -1 ಎಂದರೆ ತಪ್ಪಲ್ಲ, 'ಕೊನೆಯದು' ಎಂದರ್ಥ. ಮೇಲಿನ ಅಂಚನ್ನು ಕೇಳುವುದನ್ನೇ ಮರೆತು ಸಾಲು -1ಕ್ಕೆ ಏರಿದರೆ, ಪ್ರೋಗ್ರಾಂ ನಿಲ್ಲುವ ಬದಲು ಕೊನೆಯ ಸಾಲಿನ ಅಂಕಿಯನ್ನು ತಂದುಕೊಡುತ್ತದೆ.

ಸಮ ಮತ್ತು ಬೆಸದ ಕಣ್ಣಾಮುಚ್ಚಾಲೆ

ಈಗ ಮುಖ್ಯ ಪ್ರಶ್ನೆ. ಮೇಲಿನ ತಪ್ಪು ಕ್ರಮವನ್ನು ಎರಡೂ ಕಡೆ ಹಾಗೇ ಬಿಟ್ಟು, ಮೂರು ಸಾಲು ನಾಲ್ಕು ಕಾಲಂನ ಮ್ಯಾಟ್ರಿಕ್ಸ್ ಕೊಡೋಣ. 1ರಿಂದ 4 ಮೊದಲ ಸಾಲು, 5ರಿಂದ 8 ಎರಡನೆಯದು, 9ರಿಂದ 12 ಮೂರನೆಯದು. ಬರುವ ಕ್ರಮ: 1, 2, 5, 9, 6, 3, 4, 7, 10, 11, 8, 12. ಪೂರ್ತಿ ಸರಿ! ಎರಡು ತಪ್ಪುಗಳಿರುವ ಕೋಡ್ ಒಂದು ಅಂಕಿಯನ್ನೂ ತಪ್ಪಿಸದೆ ಪಾಸಾಯಿತು.

ಕಾರಣ ಕಂಡುಕೊಳ್ಳಲು ಕರ್ಣಗಳಿಗೆ ಹೆಸರಿಡಬೇಕು. ಒಂದೇ ಕರ್ಣದಲ್ಲಿರುವ ಎಲ್ಲ ಮನೆಗಳಲ್ಲೂ ಸಾಲು ಮತ್ತು ಕಾಲಂ ಕೂಡಿದರೆ ಒಂದೇ ಮೊತ್ತ. (0,2), (1,1), (2,0) ಮೂರರ ಮೊತ್ತವೂ 2. ಹಾಗಾಗಿ ಮೊತ್ತವೇ ಕರ್ಣದ ಹೆಸರು. ಮೊದಲ ಕರ್ಣದ ಹೆಸರು 0, ಅಲ್ಲಿ ದಿಕ್ಕು ಮೇಲೆ. ಒಂದೊಂದು ಕರ್ಣಕ್ಕೂ ದಿಕ್ಕು ಬದಲಾಗುವುದರಿಂದ ಸಮ ಸಂಖ್ಯೆಯ ಕರ್ಣಗಳಲ್ಲಿ ಹತ್ತುತ್ತೇವೆ, ಬೆಸ ಸಂಖ್ಯೆಯ ಕರ್ಣಗಳಲ್ಲಿ ಇಳಿಯುತ್ತೇವೆ.

ಬಲ ಮೇಲಿನ ಮೂಲೆ (0, n-1). ಅದರ ಕರ್ಣ n-1. ಕಾಲಂಗಳ ಸಂಖ್ಯೆ ಬೆಸವಾದರೆ n-1 ಸಮ, ಅಂದರೆ ಆ ಕರ್ಣದಲ್ಲಿ ಹತ್ತಿ ಬಂದು ಮೂಲೆಯಲ್ಲಿ ನಿಲ್ಲುತ್ತೇವೆ. ಅಲ್ಲಿ ತಿರುಗಲೇಬೇಕು, ತಪ್ಪು ಎಚ್ಚರಾಗುತ್ತದೆ. ಕಾಲಂಗಳು ಸಮವಾದರೆ ಕರ್ಣ ಬೆಸ. ಆಗ ಆ ಮೂಲೆಗೆ ನಾವು ಬರುವುದು ಓರೆಯಾಗಿ ಹತ್ತಿ ಅಲ್ಲ, ಪಕ್ಕದ ಮನೆಯಿಂದ ಬಲಕ್ಕೆ ಸರಿದು. ಬಂದ ಮೇಲೆ ದಿಕ್ಕು ಕೆಳಗೆ ಇರುವುದರಿಂದ ಅಲ್ಲಿಂದ ಓರೆಯಾಗಿ ಇಳಿಯುತ್ತೇವೆ. ಆ ಮೂಲೆಯಲ್ಲಿ ತಿರುವಿನ ಪ್ರಶ್ನೆಯೇ ಏಳುವುದಿಲ್ಲ, ತಪ್ಪು ಕ್ರಮಕ್ಕೆ ಕೆಲಸವೇ ಬೀಳುವುದಿಲ್ಲ.

ಎಡ ಕೆಳಗಿನ ಮೂಲೆಯಲ್ಲಿ ಲೆಕ್ಕ ತಿರುವುಮುರುವು. ಅದರ ಕರ್ಣ m-1. ಸಾಲುಗಳು ಸಮವಾದರೆ ಕರ್ಣ ಬೆಸ, ಇಳಿದು ಬಂದು ಮೂಲೆಯಲ್ಲಿ ನಿಲ್ಲುತ್ತೇವೆ, ತಪ್ಪು ಎಚ್ಚರಾಗುತ್ತದೆ. ಸಾಲುಗಳು ಬೆಸವಾದರೆ ಆ ಮೂಲೆ ಹೊರಡುವ ಜಾಗ, ನಿಲ್ಲುವ ಜಾಗವಲ್ಲ. ಒಟ್ಟಿನಲ್ಲಿ, ಕರ್ಣವೊಂದು ಮುಗಿಯುವ ಮೂಲೆ ಅಪಾಯಕಾರಿ, ಕರ್ಣವೊಂದು ಶುರುವಾಗುವ ಮೂಲೆ ನಿರಪಾಯ.

ಇದರಿಂದ ನಾಲ್ಕು ಸಂದರ್ಭಗಳು ಹುಟ್ಟುತ್ತವೆ. ಎರಡಕ್ಕೆ ಕಡಿಮೆಯಿಲ್ಲದ ಸಾಲು, ಕಾಲಂ ಇದ್ದರೆ ಇವು ಯಾವಾಗಲೂ ನಿಜ. ಸಾಲು ಕಾಲಂ ಎರಡೂ ಬೆಸವಾದರೆ ಮೇಲಿನ ಮೂಲೆಯ ತಪ್ಪು ಮಾತ್ರ ಕಾಣಿಸುತ್ತದೆ. ಎರಡೂ ಸಮವಾದರೆ ಕೆಳಗಿನ ಮೂಲೆಯದು ಮಾತ್ರ. ಸಾಲು ಸಮ, ಕಾಲಂ ಬೆಸವಾದರೆ ಎರಡೂ. ಸಾಲು ಬೆಸ, ಕಾಲಂ ಸಮವಾದರೆ ಒಂದೂ ಇಲ್ಲ. ಮೂರು ಸಾಲು ನಾಲ್ಕು ಕಾಲಂನ ಮ್ಯಾಟ್ರಿಕ್ಸ್ ಈ ಕೊನೆಯ ಗುಂಪಿಗೆ ಸೇರಿದ್ದು. ಅದೇ ಮ್ಯಾಟ್ರಿಕ್ಸನ್ನು ಮಗ್ಗುಲಾಗಿಸಿ ನಾಲ್ಕು ಸಾಲು ಮೂರು ಕಾಲಂ ಮಾಡಿ ಕೊಟ್ಟರೆ ಎರಡು ಮೂಲೆಗಳಲ್ಲೂ ಎಡವುತ್ತದೆ.

ಜೆಪೆಗ್‌ನ ಎಂಟರ ಚೌಕಕ್ಕೆ ಇದನ್ನು ಹೊಂದಿಸಿ ನೋಡಿ. ಎಂಟು ಸಮ. ಹತ್ತುವ ಕಡೆಯ ತಪ್ಪು ಅಲ್ಲಿ ಎಷ್ಟು ಚೌಕ ಓದಿದರೂ ಹೊರಬೀಳುವುದಿಲ್ಲ. ಇಳಿಯುವ ಕಡೆಯ ತಪ್ಪು ಎಡ ಕೆಳಗಿನ ಮೂಲೆಯಲ್ಲಿ, ಅಂದರೆ ನಡಿಗೆಯ 36ನೇ ಮನೆಯಲ್ಲಿ ಎಚ್ಚರಾಗುತ್ತದೆ. 37ನೆಯದಾಗಿ ಓದುವುದು ಪಟ್ಟಿಯ 64ನೇ ಇಂಡೆಕ್ಸ್. ಚೌಕದ ಇಂಡೆಕ್ಸ್‌ಗಳು 63ಕ್ಕೇ ಮುಗಿಯುತ್ತವೆ. ಚೌಕಗಳನ್ನು ಒತ್ತೊತ್ತಾಗಿ ಇಟ್ಟಿದ್ದರೆ 64 ಎಂಬುದು ಪಕ್ಕದ ಚೌಕದ ಮೊದಲ ಅಂಕಿ, ಅಂದರೆ ಅದರ ಸರಾಸರಿ ಹೊಳಪು. ಸಾಮಾನ್ಯವಾಗಿ ಸೊನ್ನೆ ಇರಬೇಕಾದ ಜಾಗದಲ್ಲಿ ದೊಡ್ಡ ಅಂಕಿಯೊಂದು ಬಂದು ಕೂರುತ್ತದೆ. ನೀಲಿ ಆಕಾಶದ ನುಣುಪಾದ ಚೌಕದಲ್ಲೂ ಕಾರಣವಿಲ್ಲದೆ ಸಣ್ಣ ಗೆರೆಗಳು ಏಳುತ್ತವೆ.

ಹಿಡಿಯುವುದು ಹೇಗೆ?

ಒಂದು ಅಳತೆಯಲ್ಲಿ ಸರಿ ಬಂದರೆ ಏನೂ ಸಾಬೀತಾಗುವುದಿಲ್ಲ ಎಂಬುದು ಮೇಲಿನ ಲೆಕ್ಕದಿಂದ ಸ್ಪಷ್ಟ. ಎರಡು ಸಾಲು ಮೂರು ಕಾಲಂನ ಆರೇ ಮನೆಗಳ ಮ್ಯಾಟ್ರಿಕ್ಸ್ ಎರಡೂ ತಪ್ಪುಗಳನ್ನು ಹೊರಗೆಳೆಯಬಲ್ಲದು. ಆದರೆ ಮೊದಲ ತಪ್ಪಿಗೇ ಪ್ರೋಗ್ರಾಂ ನಿಂತರೆ ಎರಡನೆಯದು ಕಾಣುವುದಿಲ್ಲ. ಕೆಳಗಿನ ಮೂಲೆಯನ್ನು ಸರಿಮಾಡಿ ಮತ್ತೆ ಓಡಿಸಿದಾಗಲೇ ಮೇಲಿನದು ಬಾಯಿಬಿಡುತ್ತದೆ. ಹಾಗಾಗಿ ಒಂದರಿಂದ ಆರರವರೆಗಿನ ಸಾಲು, ಒಂದರಿಂದ ಆರರವರೆಗಿನ ಕಾಲಂ, ಹೀಗೆ 36 ಅಳತೆಗಳಲ್ಲೂ ಓಡಿಸಿ ನೋಡುವುದು ಒಳ್ಳೆಯದು. ಕಂಪ್ಯೂಟರಿಗೆ ಅದು ಕಣ್ಣು ಮಿಟುಕಿಸುವಷ್ಟೂ ಕೆಲಸವಲ್ಲ. ಒಂದೇ ಸಾಲು, ಒಂದೇ ಕಾಲಂನ ಮ್ಯಾಟ್ರಿಕ್ಸ್‌ಗಳೂ ಅದರಲ್ಲಿ ಬಂದುಹೋಗುತ್ತವೆ.

ಓಡಿಸಿದ ಮೇಲೆ ಏನನ್ನು ನೋಡಬೇಕು? ಮನೆಗಳಲ್ಲಿ ಬೇರೆ ಬೇರೆ ಅಂಕಿಗಳನ್ನು ತುಂಬಿ, ಪ್ರತಿಯೊಂದೂ ಒಂದೇ ಸಲ ಬಂತೇ ಎಂದು ನೋಡಬೇಕು. ಎರಡು ಸಲ ಬಂದ 4, ಬಾರದೇ ಹೋದ 9 ಇಲ್ಲಿ ಸಿಕ್ಕಿಬೀಳುತ್ತವೆ. ಎಲ್ಲ ಮನೆಗೂ ಒಂದೇ ಅಂಕಿ ಅಥವಾ ಸೊನ್ನೆ ತುಂಬಿ ಪರೀಕ್ಷಿಸಿದರೆ ಏನೂ ತಿಳಿಯುವುದಿಲ್ಲ. ಜೊತೆಗೆ ಕರ್ಣದ ಮೊತ್ತ 0, 1, 1, 2, 2, 2 ಎಂದು ಏರುತ್ತಲೇ ಇದೆಯೇ, ಎಲ್ಲಾದರೂ ಹಿಂದಕ್ಕೆ ಹೋಯಿತೇ ಎಂದೂ ನೋಡಬಹುದು.

ಚಿತ್ರದ ಕೆಲಸದಲ್ಲಿ ಇನ್ನೊಂದು ಬಲೆಯಿದೆ. ತಾನೇ ಬರೆದ ಕೋಡಿನಿಂದ ಚಿತ್ರವನ್ನು ಕುಗ್ಗಿಸಿ, ತಾನೇ ಬರೆದ ಕೋಡಿನಿಂದ ಬಿಡಿಸಿ, ಮೊದಲಿನಂತೆಯೇ ಇದೆ ಎಂದು ಒಪ್ಪಿಕೊಂಡುಬಿಡುವುದು. ಹೊರಡುವ ದಿಕ್ಕನ್ನೇ ತಪ್ಪಾಗಿ 'ಕೆಳಗೆ' ಎಂದು ಇಟ್ಟಿದ್ದಾರೆ ಎನ್ನಿ. ಮೊದಲ ಹೆಜ್ಜೆ ಬಲಕ್ಕಲ್ಲದೆ ಕೆಳಕ್ಕೆ ಬೀಳುತ್ತದೆ, ಇಡೀ ನಡಿಗೆ ಮುಖ್ಯ ಕರ್ಣದ ಆಚೀಚೆ ಮಗುಚಿಕೊಳ್ಳುತ್ತದೆ. ಬರೆಯುವವನೂ ಓದುವವನೂ ಒಂದೇ ತಪ್ಪು ಮಾಡಿದರೆ ತಪ್ಪಿಗೆ ತಪ್ಪು ವಜಾ ಆಗಿ ಚಿತ್ರ ಸರಿಯಾಗಿಯೇ ಕಾಣುತ್ತದೆ. ಅದೇ ಫೈಲನ್ನು ಬೇರೆ ಪ್ರೋಗ್ರಾಂ ತೆರೆದಾಗ ಮಾತ್ರ ಒಂದೊಂದು ಪುಟ್ಟ ಚೌಕವೂ ಮಗುಚಿದಂತೆ ಕಾಣುತ್ತದೆ. ನೆಟ್ಟಗೆ ನಿಂತ ವಿದ್ಯುತ್ ಕಂಬ ಚಿಕ್ಕ ಚಿಕ್ಕ ಅಡ್ಡಗೆರೆಗಳ ಏಣಿಯಾಗುತ್ತದೆ. ಹೀಗೆ ಕಂಡರೆ ಹುಡುಕಬೇಕಾದದ್ದು ಮೂಲೆಯಲ್ಲಲ್ಲ, ಮೊದಲ ಹೆಜ್ಜೆಯಲ್ಲಿ.

ತಿರುವಿಲ್ಲದ ದಾರಿ

ಮೂಲೆಯ ಜಂಜಾಟವೇ ಬೇಡವೆಂದರೆ ಕರ್ಣದ ಮೊತ್ತವನ್ನೇ ಹಿಡಿದು ನಡೆಯಬಹುದು. ಮೊತ್ತ ಗೊತ್ತಿದ್ದರೆ ಆ ಕರ್ಣ ಯಾವ ಸಾಲಿನಿಂದ ಯಾವ ಸಾಲಿನವರೆಗೆ ಇದೆ ಎಂಬುದು ಲೆಕ್ಕದಿಂದ ಸಿಗುತ್ತದೆ, ದಿಕ್ಕು ಸಮವೋ ಬೆಸವೋ ಎಂಬುದರಿಂದ ಸಿಗುತ್ತದೆ.

```
for s in range(m + n - 1):
    lo = max(0, s - n + 1)
    hi = min(s, m - 1)
    rows = range(lo, hi + 1)
    if s % 2 == 0:
        rows = reversed(rows)
    for r in rows:
        print(a[r][s - r])
```

ಇಲ್ಲಿ 'ಈಗ ಯಾವ ದಿಕ್ಕಿನಲ್ಲಿದ್ದೇನೆ' ಎಂದು ನೆನಪಿಟ್ಟುಕೊಳ್ಳುವ `up` ಇಲ್ಲ, ಅಂಚನ್ನು ಕೇಳುವ ಪ್ರಶ್ನೆಗಳೂ ಇಲ್ಲ. ಹಾಗೆಂದು ಎಚ್ಚರ ಬಿಡುವಂತಿಲ್ಲ. m ಇರಬೇಕಾದಲ್ಲಿ n, n ಇರಬೇಕಾದಲ್ಲಿ m ಬರೆದರೆ ಚೌಕಾಕಾರದ ಮ್ಯಾಟ್ರಿಕ್ಸ್‌ಗಳಲ್ಲೆಲ್ಲ ಸರಿಯಾಗಿ ನಡೆದು, ಉದ್ದಗಲ ಬೇರೆಯಾದಾಗ ಮಾತ್ರ ಕೆಡುತ್ತದೆ. ಈ ತಪ್ಪು ಮಲಗುವ ಜಾಗ ಬೇರೆ, ಅಷ್ಟೇ. ಹಾಗಾಗಿ 36 ಅಳತೆಗಳ ಪರೀಕ್ಷೆ ಇದಕ್ಕೂ ಬೇಕು.

ಅಸಲಿ ಜೆಪೆಗ್ ಪ್ರೋಗ್ರಾಂಗಳು ಸಾಮಾನ್ಯವಾಗಿ ಇದನ್ನೂ ಮಾಡುವುದಿಲ್ಲ. ಚೌಕದ ಅಳತೆ ಎಂದಿಗೂ ಎಂಟೇ ಆದ್ದರಿಂದ 0, 1, 8, 16, 9, 2 ಎಂದು ಶುರುವಾಗುವ 64 ಅಂಕಿಗಳ ಕೋಷ್ಟಕವನ್ನೇ ಬರೆದಿಟ್ಟುಕೊಂಡು ಅದರ ಪ್ರಕಾರ ಮನೆಗಳಿಗೆ ಹೋಗುತ್ತವೆ. ಬಹಳ ಬಳಕೆಯಲ್ಲಿರುವ ಲಿಬ್‌ಜೆಪೆಗ್ ಎಂಬ ತಂತ್ರಾಂಶದಲ್ಲಿ ಈ ಕೋಷ್ಟಕದ ಹೆಸರು `jpeg_natural_order`. ಅದರ 64 ಅಂಕಿಗಳ ಬಾಲಕ್ಕೆ ಇನ್ನೂ 16 ಅಂಕಿಗಳಿವೆ, ಹದಿನಾರೂ 63. ಕೆಟ್ಟುಹೋದ ಫೈಲೊಂದು ಸೊನ್ನೆಗಳನ್ನು ಅತಿಯಾಗಿ ಎಣಿಸಿ ಚೌಕದಾಚೆ ಕಾಲಿಡಲು ಹೋದರೂ ಹೆಜ್ಜೆ ಕೊನೆಯ ಮನೆಯಲ್ಲೇ ಬೀಳಲಿ, ಅಕ್ಕಪಕ್ಕದ ನೆನಪಿಗೆ ಧಕ್ಕೆಯಾಗದಿರಲಿ ಎಂದು ಹಾಕಿದ ಬೇಲಿ ಅದು.

2013ರಲ್ಲಿ ಬಂದ ಹೆಚ್‌ಇವಿಸಿ ಎಂಬ ವಿಡಿಯೊ ಮಾನಕ ಮತ್ತೂ ಮುಂದೆ ಹೋಗಿ ಅಂಕುಡೊಂಕನ್ನೇ ಕೈಬಿಟ್ಟಿತು. ಅಲ್ಲಿ ನಾಲ್ಕರ ಚಿಕ್ಕ ಚೌಕಗಳನ್ನು ಕರ್ಣದ ಜಾಡಿನಲ್ಲೇ ಓದಿದರೂ ಎಲ್ಲ ಕರ್ಣಗಳಿಗೂ ಒಂದೇ ದಿಕ್ಕು. ಸೊನ್ನೆಗಳನ್ನು ಒಂದೆಡೆ ಗುಡ್ಡೆ ಹಾಕಲು ಕರ್ಣಗಳು ಕ್ರಮವಾಗಿ ಬಂದರೆ ಸಾಕು, ಒಂದು ಕರ್ಣದೊಳಗೆ ಹತ್ತಿದರೂ ಇಳಿದರೂ ಹೆಚ್ಚು ವ್ಯತ್ಯಾಸವಿಲ್ಲ. ಅಂಕುಡೊಂಕು ಬೇಕೇ ಬೇಕಾದವರು, ಅಂದರೆ ಜೆಪೆಗ್ ಓದಬೇಕಾದವರು ಮತ್ತು ಸಂದರ್ಶನದಲ್ಲಿ ಕೂತವರು, ಒಂದನ್ನು ನೆನಪಿಟ್ಟುಕೊಂಡರೆ ಆಯಿತು: ಹತ್ತುವಾಗ ಮೊದಲು ಬಲಗೋಡೆ, ಇಳಿಯುವಾಗ ಮೊದಲು ಕೆಳಗೋಡೆ. ಬರೆದದ್ದು ಸರಿಯೇ ಎಂದು ನೋಡಲು ಮೂರು ಸಾಲು ನಾಲ್ಕು ಕಾಲಂ ಬೇಡ, ಎರಡು ಸಾಲು ಮೂರು ಕಾಲಂ ಕೊಡಿ.